ಕೆನ್ನೆಯ ಮೇಲಿನ ನೇರಳೆ ಬಣ್ಣ

ನಾನೂ ತಮ್ಮನೂ ಒಟ್ಟಿಗಿರುವ ಬಾಲ್ಯದ ಬಣ್ಣದ ಫೋಟೊ ನಮ್ಮ ಮನೆಯಲ್ಲಿ ಇರುವುದು ಒಂದೇ ಒಂದು. 1984ರ ಜನವರಿಯದು. ಸೇನೆಯಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದಾಗ ತಂದಿದ್ದ ಯಾಶಿಕಾ ಕ್ಯಾಮೆರಾದಲ್ಲಿ ತೆಗೆದದ್ದು. ಸೋಮವಾರಪೇಟೆಯಲ್ಲಿ ಆಗ ಬಣ್ಣದ ರೀಲು ತೊಳೆಯುವವರು ಇರಲಿಲ್ಲ, ಮೈಸೂರಿಗೆ ಕಳುಹಿಸಿ ಪ್ರಿಂಟ್ ಹಾಕಿಸಿದ್ದರು. ಐದು ಇಂಚು ಅಗಲ, ಮೂರೂವರೆ ಇಂಚು ಎತ್ತರದ ಹೊಳಪು ಕಾಗದ. ಶಾಂತಳ್ಳಿ ಕಡೆಯ ನಮ್ಮ ಮನೆಯ ಮುಂದಿನ ಕಾಫಿ ಕಣದಲ್ಲಿ ನಾವಿಬ್ಬರೂ ಕುಕ್ಕರಗಾಲಿನಲ್ಲಿ ಕುಳಿತಿದ್ದೇವೆ. ನನಗೆ ಒಂಬತ್ತು ವರ್ಷ, ಅವನಿಗೆ ನಾಲ್ಕು. ಒಂದು ಬದಿಗೆ ಅಂದು ಕೊಯ್ದು ತಂದ ಅರೇಬಿಕಾ ಹಣ್ಣು ಕೆಂಪಗೆ ಹರವಿಕೊಂಡಿದೆ, ಇನ್ನೊಂದು ಬದಿಗೆ ಆಗಲೇ ಒಣಗಿ ಕಪ್ಪಾದ ಚೆರಿಯ ರಾಶಿ. ನಮ್ಮ ಹಿಂದೆ ಒಂದು ಅಲ್ಯೂಮಿನಿಯಂ ಪಾತ್ರೆ ಕವುಚಿಕೊಂಡಿದೆ. ತಮ್ಮ ಕ್ಯಾಮೆರಾ ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾನೆ. ಅವನ ಬಲಗೆನ್ನೆಯ ಮೇಲೆ, ಬಾಯಿಯ ಪಕ್ಕದಲ್ಲಿ, ರೂಪಾಯಿ ನಾಣ್ಯದಷ್ಟು ದೊಡ್ಡದಾದ ನೇರಳೆ ಬಣ್ಣದ ಕಲೆ ಇದೆ.

ಆ ಕಲೆ ಇರಬೇಕೋ ಹೋಗಬೇಕೋ ಎಂಬುದು ಈ ವರ್ಷ ನಮ್ಮಿಬ್ಬರ ನಡುವೆ ದೊಡ್ಡ ಮಾತಾಯಿತು. ಮಳೆಗಾಲ ಕಳೆದ ಮೇಲೆ ಅಮ್ಮನ ಮನೆಯ ಹಜಾರಕ್ಕೆ ಹೊಸದಾಗಿ ಗಾರೆ ಮಾಡಿಸಿ ಬಣ್ಣ ಹೊಡೆಸಿದ್ದೆವು. ಗೋಡೆ ಬೋಳಾಗಿತ್ತು. "ಕಣದಲ್ಲಿ ಕೂತಿರುವ ನಿಮ್ಮಿಬ್ಬರ ಫೋಟೊಗೆ ಕಟ್ಟು ಹಾಕಿಸಿ ಅಲ್ಲಿ ತೂಗುಹಾಕಿ" ಎಂದು ಅಮ್ಮ ಹೇಳಿದರು. ತಮ್ಮ ಅದನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬೆಂಗಳೂರಿಗೆ ಹೋದ. ಅಲ್ಲಿ ಫೋಟೊ ತಿದ್ದುವ ಕೆಲಸ ಬಲ್ಲ ಪರಿಚಯದವರೊಬ್ಬರ ಕೈಗೆ ಕೊಟ್ಟು, ಕೆಲವು ದಿನಗಳಲ್ಲಿ ಮನೆಯವರೆಲ್ಲರಿಗೂ ತಿದ್ದಿದ ಚಿತ್ರವನ್ನು ಕಳುಹಿಸಿದ. ಎಲ್ಲರಿಗೂ ಬಹಳ ಇಷ್ಟವಾಯಿತು. ನಾನು ದೊಡ್ಡದು ಮಾಡಿ ನೋಡಿದೆ. ಅದು ಚೆಲುವಾದ ಚಿತ್ರವೇ, ಆದರೆ ಅದರಲ್ಲಿದ್ದ ಮಕ್ಕಳು ಪೂರ್ತಿ ನಾವಾಗಿರಲಿಲ್ಲ. ಹಾಗೆಂದು ಅವನಿಗೆ ಫೋನಿನಲ್ಲಿ ಹೇಳಿದೆ.

ನಾನು ಮೈಸೂರಿನ ಒಂದು ಗ್ರಂಥಾಲಯದಲ್ಲಿ ಹಳೆಯ ಕಾಗದಪತ್ರ, ಫೋಟೊಗಳನ್ನು ಕಾಯುವ ಕೆಲಸದಲ್ಲಿ ಬಹಳ ವರ್ಷ ಕಳೆದವಳು. ಹಳೆಯ ಫೋಟೊ ಕೈಗೆ ಬಂದರೆ ನಾವು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಲ್ಲಿ ಕಾಣುತ್ತಿರುವುದರಲ್ಲಿ ಕ್ಯಾಮೆರಾ ಕಂಡದ್ದು ಯಾವುದು, ಆಮೇಲೆ ಕಾಗದಕ್ಕೆ ಆದದ್ದು ಯಾವುದು? ಮೂಲ ಒಳ್ಳೆಯದೋ ತಿದ್ದಿದ್ದು ಒಳ್ಳೆಯದೋ ಎಂದು ಇಡಿಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೊಂದು ಗುರುತನ್ನೂ ಬೇರೆಬೇರೆಯಾಗಿ ಹಿಡಿದು ಕೇಳಬೇಕು.

ಮೊದಲು ಬಣ್ಣದ ಮಾತು. ನಮ್ಮ ಫೋಟೊ ಇಡೀ ಕೆಂಪಡರಿಕೊಂಡಿತ್ತು. ಅದು ಸಂಜೆಯ ಬಿಸಿಲಿನ ಕೆಂಪು ಎಂದು ಮನೆಯವರು ತಿಳಿದಿದ್ದರು. ಅದು ಬಿಸಿಲಲ್ಲ. ಆ ಕಾಲದ ಬಣ್ಣದ ಕಾಗದದಲ್ಲಿ ಜೆಲಟಿನ್ ಎಂಬ ಅಂಟಿನಂಥ ಪದರಗಳೊಳಗೆ ಮೂರು ವರ್ಣದ್ರವ್ಯಗಳು ಇರುತ್ತವೆ: ಹಳದಿ, ಮೆಜೆಂಟಾ ಎನ್ನುವ ನೇರಳೆ ಮಿಶ್ರಿತ ಕೆಂಪು ಮತ್ತು ಸಯಾನ್ ಎನ್ನುವ ಹಸಿರು ಮಿಶ್ರಿತ ನೀಲಿ. ಕೆಂಪು ಬೆಳಕನ್ನು ತಡೆಯುವುದು ಸಯಾನ್‌ನ ಕೆಲಸ. ಎಪ್ಪತ್ತರ ದಶಕದಿಂದ ಎಂಬತ್ತರ ದಶಕದ ನಡುವಿನವರೆಗೆ ಬಂದ ಹೆಚ್ಚಿನ ಕಾಗದಗಳಲ್ಲಿ ಈ ಸಯಾನೇ ಎಲ್ಲಕ್ಕಿಂತ ದುರ್ಬಲ. ಆಲ್ಬಂ ಮುಚ್ಚಿ ಕತ್ತಲಲ್ಲಿ ಇಟ್ಟರೂ ಅದು ತಾನಾಗಿ ಕರಗುತ್ತ ಹೋಗುತ್ತದೆ, ಸೆಕೆಯೂ ತೇವವೂ ಸೇರಿದರೆ ಇನ್ನೂ ಬೇಗ. ಅದು ಹೋದಷ್ಟೂ ಉಳಿದ ಎರಡು ಬಣ್ಣಗಳು ಎದ್ದು ಕಂಡು ಚಿತ್ರ ಕೆಂಪಾಗುತ್ತದೆ. ಗೋಡೆಯ ಮೇಲೆ ಬೆಳಕಿಗೆ ಒಡ್ಡಿದ ಪ್ರಿಂಟಿನಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಮೆಜೆಂಟಾ, ಆಗ ಚಿತ್ರ ಹಸಿರು ಅಥವಾ ನೀಲಿಯ ಕಡೆಗೆ ತಿರುಗುತ್ತದೆ. ಹೀಗಾಗಿ ಒಂದು ಹಳೆಯ ಫೋಟೊ ಯಾವ ಬಣ್ಣಕ್ಕೆ ತಿರುಗಿದೆ ಎಂಬುದನ್ನು ನೋಡಿಯೇ ಅದು ಪೆಟ್ಟಿಗೆಯಲ್ಲಿತ್ತೋ ಗೋಡೆಯ ಮೇಲಿತ್ತೋ ಎಂದು ಬಹುಮಟ್ಟಿಗೆ ಊಹಿಸಬಹುದು. ನಮ್ಮದು ಬೀರುವಿನೊಳಗೇ ಇತ್ತು.

ಆ ಕೆಂಪು ಕಾಗದಕ್ಕೆ ಆದ ಪೆಟ್ಟು. ಅದನ್ನು ತೆಗೆಯಲು ನನ್ನ ಅಡ್ಡಿ ಇರಲಿಲ್ಲ. ಅಲ್ಲಲ್ಲಿ ಹಬ್ಬಿದ್ದ ಬೂಷ್ಟನ್ನು ತೆಗೆಯಲೂ ಅಡ್ಡಿ ಇರಲಿಲ್ಲ. ಶಾಂತಳ್ಳಿಯ ಮಳೆ ಕಂಡವರಿಗೆ ಬೂಷ್ಟಿನ ಕಥೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು, ಯಾವುದನ್ನು ಮುಟ್ಟಿದರೂ ಬೂದಿ ಸವರಿದಂತಿರುತ್ತದೆ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಹಾಗೆಯೇ ನಿಂತರೆ ಜೆಲಟಿನ್ ಬೂಷ್ಟಿಗೆ ಆಹಾರವಾಗುತ್ತದೆ. ನಮ್ಮಲ್ಲಿ ಆ ನಾಲ್ಕು ತಿಂಗಳು ಅದು ಅಷ್ಟಕ್ಕೆ ಇಳಿಯುವುದೇ ಅಪರೂಪ.

ಆದರೆ ತಿದ್ದಿದ ಚಿತ್ರದಲ್ಲಿ ಇಷ್ಟೇ ಆಗಿರಲಿಲ್ಲ. ನನ್ನ ಫ್ರಾಕು ಹಾಲಿನಂತೆ ಬೆಳ್ಳಗಾಗಿತ್ತು. ನಮ್ಮಿಬ್ಬರ ಮೈಬಣ್ಣವೂ ತಿಳಿಯಾಗಿತ್ತು. ಹಣ್ಣಿನ ಕೆಂಪು ಹೋಗಿ ನೇರಳೆಹಣ್ಣಿನ ಛಾಯೆ ಬಂದಿತ್ತು. ಇದು ಹೇಗಾಗುತ್ತದೆ ಎಂದರೆ, ಬಣ್ಣ ಸರಿಪಡಿಸುವವರು ಚಿತ್ರದಲ್ಲಿ ಬಿಳಿಯೋ ಬೂದಿಯೋ ಆಗಿರಲೇಬೇಕಾದ ಒಂದು ಜಾಗವನ್ನು ಹುಡುಕಿ, 'ಇದು ಬಿಳಿ' ಎಂದು ಕಂಪ್ಯೂಟರಿಗೆ ತೋರಿಸುತ್ತಾರೆ. ಅದಕ್ಕೆ ತಕ್ಕಂತೆ ಉಳಿದ ಬಣ್ಣಗಳೆಲ್ಲ ಸರಿಯುತ್ತವೆ. ಬೆಂಗಳೂರಿನವರು ನನ್ನ ಫ್ರಾಕನ್ನು ಬಿಳಿ ಎಂದು ಹಿಡಿದಿದ್ದರು. ಶಾಲೆಯ ಹುಡುಗಿ, ತಿಳಿ ಬಣ್ಣದ ಫ್ರಾಕು. ಯಾರಾದರೂ ಬಿಳಿ ಎಂದೇ ಹಿಡಿಯುತ್ತಿದ್ದರು. ಅದು ಬಿಳಿಯಲ್ಲ, ತಿಳಿಹಳದಿ. ಇರುವ ಹಳದಿಯನ್ನು ಅಳಿಸಲು ಹೋದಾಗ ಇಡೀ ಚಿತ್ರಕ್ಕೆ ನೀಲಿ ಸೇರಿತು. ಚರ್ಮದ ಕಂದಿನಲ್ಲಿರುವ ಹಳದಿಯೂ ಅದರ ಜೊತೆಗೆ ಹೋಯಿತು. ಮೇಲಿಂದ ಮುಖಗಳಿಗೆ ಸ್ವಲ್ಪ ಬೆಳಕು ಹೆಚ್ಚಿಸಿದ್ದರು.

ಮುಖ ತಿಳಿಯಾದದ್ದು ನನಗೆ ಸಣ್ಣ ವಿಷಯವಲ್ಲ. ನಾನು ಕಪ್ಪಗಿರುವ ಹುಡುಗಿಯಾಗಿ ಬೆಳೆದವಳು. ಮದುವೆ ಮನೆಗಳ ಸ್ಟುಡಿಯೊ ಫೋಟೊಗಳಲ್ಲಿ ನನ್ನನ್ನು ಕೇಳದೆಯೇ ಬೆಳ್ಳಗೆ ಮಾಡಿ ಕೊಡುತ್ತಿದ್ದರು. ಚಿಕ್ಕಪ್ಪ ತೆಗೆದ ಈ ಒಂದು ಫೋಟೊದಲ್ಲಿ ಮಾತ್ರ ನಾನು ಬಿಸಿಲಲ್ಲಿ ಕೂತ ನನ್ನದೇ ಬಣ್ಣದ ಹುಡುಗಿ. ಅದನ್ನು ಯಾರೂ ತಿಳಿಗೊಳಿಸಬಾರದು ಎಂದು ತಮ್ಮನಿಗೆ ಖಡಾಖಂಡಿತವಾಗಿ ಹೇಳಿದೆ. ಅದಕ್ಕೆ ಅವನು ತಡಮಾಡದೆ ಒಪ್ಪಿದ. "ಅಕ್ಕ, ಅದು ನನಗೆ ಗೊತ್ತಾಗಲೇ ಇಲ್ಲ. ಅದನ್ನು ಸರಿಮಾಡಿಸೋಣ. ಆದರೆ ಫ್ರಾಕು ಹಳದಿ ಎನ್ನುವುದಕ್ಕೆ ನಿನ್ನ ನೆನಪಲ್ಲದೆ ಬೇರೆ ಏನಿದೆ?" ಎಂದು ಕೇಳಿದ.

ಕೇಳಬೇಕಾದ ಪ್ರಶ್ನೆಯೇ. ನಲವತ್ತು ವರ್ಷದ ಹಿಂದಿನ ಬಣ್ಣದ ನೆನಪನ್ನು ನಂಬಿ ಚಿತ್ರ ತಿದ್ದುವುದು ಸರಿಯಲ್ಲ. ಅಮ್ಮನನ್ನು ಕೇಳಿದೆವು. ಅವರು ಒಳಗೆ ಹೋಗಿ ಹಳೆಯ ರೇಡಿಯೊದ ಮುಸುಕನ್ನು ತಂದರು. ಫ್ರಾಕು ನನಗೆ ಗಿಡ್ಡವಾದ ಮೇಲೆ ಅದರ ಲಂಗದ ಬಟ್ಟೆಯಿಂದ ಹೊಲಿದದ್ದು. ಹೊರಗೆ ನೋಡಿದರೆ ಅದೂ ಹೆಚ್ಚುಕಡಿಮೆ ಬಿಳಿಯೇ, ಒಗೆದು ಒಗೆದು ಬಣ್ಣ ಹೋಗಿದೆ. ಅಮ್ಮ ಬ್ಲೇಡಿನಿಂದ ಅಂಚಿನ ಹೊಲಿಗೆಯನ್ನು ಎರಡು ಬೆರಳಿನಷ್ಟು ಬಿಚ್ಚಿದರು. ಮಡಿಕೆಯೊಳಗೆ ಬಿಸಿಲೂ ಕೈಯೂ ತಾಗದೆ ಉಳಿದಿದ್ದ ಬಟ್ಟೆ ಬೆಣ್ಣೆಯಂಥ ಹಳದಿ ಬಣ್ಣದ್ದು. ತಮ್ಮ ವೀಡಿಯೊ ಕರೆಯಲ್ಲಿ ಅದನ್ನು ನೋಡಿ "ಆಯಿತು" ಎಂದ.

ಇನ್ನು ಉಳಿದದ್ದು ಕೆನ್ನೆಯ ಕಲೆ. ತಿದ್ದಿದ ಚಿತ್ರದಲ್ಲಿ ಅದು ಪೂರ್ತಿ ಮಾಯವಾಗಿತ್ತು. ಪಕ್ಕದ ಚರ್ಮದ ತುಣುಕುಗಳನ್ನು ತಂದು ಮೇಲೆ ಹಚ್ಚಿ, ಗಡಿ ಕಾಣದಂತೆ ಬೆರೆಸಿದ್ದರು. ಕೈ ಪಳಗಿದವರ ಕೆಲಸ. ಅದೂ ಬೂಷ್ಟಿನ ಕಲೆ ಎಂದೇ ಅವರು ತಿಳಿದಿದ್ದರು, ಯಾಕೆಂದರೆ ಬೂಷ್ಟು ಕೆಲವೊಮ್ಮೆ ಕೆಂಪು, ನೇರಳೆ ಕಲೆಗಳನ್ನೂ ಬಿಡುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರ ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಕಾಗದವೇ ಕೈಯಲ್ಲಿದ್ದರೆ ಸುಲಭ. ಕೋಣೆಯ ದೀಪ ಆರಿಸಿ, ಒಂದು ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಫೋಟೊದ ಮೇಲೆ ಬೆಳಕು ಅಡ್ಡಲಾಗಿ ಹಾಯುವಂತೆ ಹಿಡಿಯಬೇಕು. ಬೂಷ್ಟು ಜೆಲಟಿನ್ನನ್ನು ತಿಂದ ಜಾಗದಲ್ಲಿ ಹೊಳಪು ಸತ್ತಿರುತ್ತದೆ, ಮೇಲ್ಮೈ ಒರಟಾಗಿ, ಎಳೆ ಎಳೆಯಾಗಿ ಕವಲೊಡೆದಂತೆ ಕಾಣುತ್ತದೆ. ಚಿತ್ರದ ಒಳಗಿನ ಬಣ್ಣವಾದರೆ ಹೊಳಪು ಸುತ್ತಲಿನಂತೆಯೇ ಇರುತ್ತದೆ, ಅಡ್ಡ ಬೆಳಕಿನಲ್ಲಿ ಕಲೆ ಇದೆ ಎಂದೇ ತಿಳಿಯುವುದಿಲ್ಲ. ಆಕಾಶದ ಭಾಗದಲ್ಲಿ, ನನ್ನ ಮೊಣಕಾಲಿನ ಬಳಿಯಲ್ಲಿ, ಕಣದ ಅಂಚಿನಲ್ಲಿ ಬೂಷ್ಟು ಸ್ಪಷ್ಟವಾಗಿ ಕಂಡಿತು. ಕೆನ್ನೆಯ ಮೇಲೆ ಹೊಳಪು ಒಂದಿಷ್ಟೂ ಮುಕ್ಕಾಗಿರಲಿಲ್ಲ.

ಆಮೇಲೆ ಭೂತಗನ್ನಡಿ ಹಿಡಿದು ಇಡೀ ಚಿತ್ರದ ಮೇಲೆ ನಿಧಾನವಾಗಿ ಸಾಗಿದೆ. ನನ್ನ ಬಲಗೈ ಮೊಣಕಾಲಿನ ಮೇಲಿದೆ. ಅದರ ತೋರುಬೆರಳಿನ ತುದಿ ನೇರಳೆ ಬಣ್ಣದ್ದು. ತಮ್ಮನ ಕೆನ್ನೆಯ ಮೇಲಿರುವ ಅದೇ ನೇರಳೆ. ಉಗುರಿನ ಸುತ್ತ ಇನ್ನೂ ಗಾಢವಾಗಿದೆ.

ನೆನಪು ಅಲ್ಲಿಂದ ತೆರೆದುಕೊಂಡಿತು. ಆ ಚಳಿಗಾಲ ಅವನ ಬಾಯಿಯ ಪಕ್ಕ ಕಜ್ಜಿ ಎದ್ದು ಕೀವಾಗಿತ್ತು. ಡಾಕ್ಟರು ಸಣ್ಣ ಸೀಸೆಯಲ್ಲಿ ಜೆನ್ಷಿಯನ್ ವಯಲೆಟ್ ಕೊಟ್ಟಿದ್ದರು. ಎಂಬತ್ತರ ದಶಕದಲ್ಲಿ ಬೆಳೆದವರಿಗೆ ಈ ನೀಲಿ ಔಷಧಿ ಗೊತ್ತಿರುತ್ತದೆ, ಬಾಯಿಹುಣ್ಣಿಗೂ ಅದೇ, ತರಚಿದ ಮೊಣಕಾಲಿಗೂ ಅದೇ. ಹಚ್ಚಲು ಅಮ್ಮ ಹತ್ತಿರ ಬಂದರೆ ಅವನು ಕಣದ ಆಚೆ ತೋಟದೊಳಕ್ಕೆ ಓಡುತ್ತಿದ್ದ. ಅಪ್ಪ ಹಿಡಿದರೆ ಕಚ್ಚುತ್ತಿದ್ದ. ನಾನು ಹಚ್ಚಿದರೆ ಮಾತ್ರ ಸುಮ್ಮನೆ ಕೂರುತ್ತಿದ್ದ. ಹತ್ತಿ ಸಿಗದಿದ್ದರೆ ಬೆರಳಲ್ಲೇ ಹಚ್ಚುತ್ತಿದ್ದೆ. ಬೆರಳು ಇನ್ನೂ ಹಸಿಯಾಗಿರುವಾಗಲೇ ಚಿಕ್ಕಪ್ಪ ನಮ್ಮನ್ನು ಕೂರಿಸಿ ಫೋಟೊ ತೆಗೆದಿರಬೇಕು. ಅವನು ಕ್ಯಾಮೆರಾ ಬಿಟ್ಟು ನನ್ನ ಕಡೆ ನೋಡುತ್ತಿರುವುದೂ ಅದಕ್ಕೇ ಇರಬಹುದು.

ತಿದ್ದಿದ ಚಿತ್ರದಲ್ಲಿ ಕೆನ್ನೆ ನಯವಾಗಿದೆ, ನನ್ನ ಬೆರಳಿನ ತುದಿ ಮಾತ್ರ ನೇರಳೆಯಾಗಿ ಉಳಿದಿದೆ. ಅಲ್ಲಿಗೆ ಯಾರ ಕಣ್ಣೂ ಹೋಗಿಲ್ಲ. ಮುಂದೆ ನಮ್ಮ ಮಕ್ಕಳೋ ಮೊಮ್ಮಕ್ಕಳೋ ಅದನ್ನು ನೋಡಿದರೆ ಹುಡುಗಿಯ ಬೆರಳಿಗೆ ಏನೋ ಆಗಿದೆ ಎಂದುಕೊಳ್ಳುತ್ತಾರೆ. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆ ಅರ್ಥವಿಲ್ಲದೆ ಉಳಿಯುವುದು ತಿದ್ದಿದ ಫೋಟೊಗಳಲ್ಲಿ ಸಾಮಾನ್ಯ. ತೆಗೆದುಹಾಕಿದ ವ್ಯಕ್ತಿಯ ಕೈ ಪಕ್ಕದವರ ಹೆಗಲ ಮೇಲೆ ಹಾಗೆಯೇ ಇರುವ ಚಿತ್ರಗಳನ್ನು ಕೆಲಸದಲ್ಲಿ ಎಷ್ಟೋ ನೋಡಿದ್ದೇನೆ.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ ಮಾತು ಇದು: "ಬೂಷ್ಟಲ್ಲ, ಔಷಧಿ, ಒಪ್ಪಿದೆ. ಆದರೂ ತೆಗೆಸು. ಆ ಕಜ್ಜಿ ನನ್ನ ಮುಖದ ಮೇಲೆ ಎಷ್ಟು ದಿನ ಇತ್ತು? ಹೆಚ್ಚೆಂದರೆ ಒಂದು ವಾರ. ಫೋಟೊದಲ್ಲಿ ನಲವತ್ತು ವರ್ಷದಿಂದ ಇದೆ. ನಾನು ನಾಲ್ಕು ವರ್ಷದವನಾಗಿದ್ದಾಗ ಹೇಗಿದ್ದೆ ಎಂದು ನನ್ನ ಮಗಳು ಕೇಳಿದರೆ ಅದಕ್ಕೆ ಉತ್ತರ ಕಜ್ಜಿ ಇಲ್ಲದ ಮುಖವೇ ತಾನೆ? ವರ್ಷದ ಉಳಿದ ದಿನಗಳಲ್ಲೆಲ್ಲ ನಾನು ಹಾಗೇ ಇದ್ದೆನಲ್ಲ. ಬೇಕಾದರೆ ನಿನ್ನ ಬೆರಳನ್ನೂ ಸರಿಮಾಡಿಸುತ್ತೇನೆ."

ಇದು ಬಲವಾದ ವಾದ. ಒಂದು ಕ್ಷಣದ ಚಿತ್ರ ಒಂದು ಇಡೀ ಬಾಲ್ಯದ ಪರವಾಗಿ ಗೋಡೆಯ ಮೇಲೆ ನಿಲ್ಲುತ್ತದೆ. ಹಾಗೆ ನಿಲ್ಲುವಾಗ ಆಕಸ್ಮಿಕವಾದದ್ದನ್ನು ಬಿಡಿಸುವುದರಲ್ಲಿ ತಪ್ಪೇನು ಎಂದು ಅವನು ಕೇಳುತ್ತಿದ್ದ. ಅದಕ್ಕೂ ಒಳಗೆ ಇನ್ನೊಂದು ಕಾರಣವಿತ್ತು, ಅದನ್ನು ಅವನು ಎರಡು ದಿನ ಬಿಟ್ಟು ಹೇಳಿದ. ಅದೇ ಫೋಟೊದ ಇನ್ನೊಂದು ಪ್ರತಿ ಚಿಕ್ಕಪ್ಪನ ಮನೆಯಲ್ಲಿತ್ತು. ರಜೆಯಲ್ಲಿ ಅಲ್ಲಿಗೆ ಹೋದಾಗ ದೊಡ್ಡ ಹುಡುಗರು ಅದನ್ನು ತೋರಿಸಿ ಅವನಿಗೆ ಹೆಸರಿಟ್ಟು ಕರೆಯುತ್ತಿದ್ದರಂತೆ. ಅವನು ಹೈಸ್ಕೂಲಿಗೆ ಬರುವವರೆಗೂ ಆ ಹೆಸರು ಬಿಡಲಿಲ್ಲವಂತೆ. ನನಗೆ ಇದು ತಿಳಿದೇ ಇರಲಿಲ್ಲ. ಒಂದೇ ಮನೆಯಲ್ಲಿ ಬೆಳೆದ ಇಬ್ಬರಿಗೆ ಒಂದೇ ಕಲೆ ಇಷ್ಟು ಬೇರೆಯಾಗಿ ಅಂಟಿಕೊಂಡಿದೆ. ನನಗೆ ಅದು ಅವನು ನನ್ನ ಕೈಗೆ ಮುಖ ಒಡ್ಡಿ ಕೂತ ದಿನ. ಅವನಿಗೆ ಅದು ಯಾರೋ ಇಟ್ಟ ಹೆಸರು.

ಚಿಕ್ಕಪ್ಪನ ಮನೆಯ ಪ್ರತಿಯನ್ನೂ ನೆಗೆಟಿವ್‌ಗಳನ್ನೂ ಹುಡುಕಬಹುದಾಗಿದ್ದರೆ ಬಣ್ಣದ ಎಷ್ಟೋ ಪ್ರಶ್ನೆ ತೀರುತ್ತಿತ್ತು. ಬಣ್ಣದ ನೆಗೆಟಿವ್‌ಗಳೂ ಮಾಸುತ್ತವೆ, ಆದರೆ ಪ್ರಿಂಟಿಗಿಂತ ಎಷ್ಟೋ ಹೆಚ್ಚು ವಿವರ ಅವುಗಳಲ್ಲಿ ಉಳಿದಿರುತ್ತದೆ. ಅವರ ಮನೆ ಮಕ್ಕಂದೂರಿನ ಕಡೆ ಇತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಮನೆಯವರು ಉಟ್ಟ ಬಟ್ಟೆಯಲ್ಲಿ ಹೊರಬಂದರು. ಟ್ರಂಕು, ಆಲ್ಬಂ, ಯಾಶಿಕಾ ಎಲ್ಲವೂ ಮಣ್ಣಿನಡಿ ಹೋದವು. ನಮ್ಮ ಬೀರುವಿನಲ್ಲಿರುವ ಪ್ರಿಂಟೇ ಈಗ ಉಳಿದಿರುವ ಏಕೈಕ ಸಾಕ್ಷಿ.

"ಹಾಗಾದರೆ ನಿನ್ನ ಇಷ್ಟದಂತೆಯೇ ಆಗಲಿ, ಆ ಹಳೆಯ ಪ್ರಿಂಟಿಗೇ ಕಟ್ಟು ಹಾಕಿಸು" ಎಂದು ಅವನು ಸ್ವಲ್ಪ ಬೇಸರದಿಂದಲೇ ಹೇಳಿದ. ನಾನು ಅದಕ್ಕೂ ಒಪ್ಪಲಿಲ್ಲ. ಅವನಿಗೆ ಸಿಟ್ಟೇ ಬಂತು.

ಆದರೆ ಒಪ್ಪುವಂತಿರಲಿಲ್ಲ. ಕತ್ತಲಲ್ಲಿದ್ದು ಸಯಾನ್ ಕಳೆದುಕೊಂಡ ಪ್ರಿಂಟನ್ನು ಹಜಾರದ ಬೆಳಕಿಗೆ ತಂದರೆ ಉಳಿದ ಮೆಜೆಂಟಾವೂ ಹೋಗಲು ಶುರುವಾಗುತ್ತದೆ. ಅದಕ್ಕಿಂತ ಹತ್ತಿರದ ಅಪಾಯ ಗಾಜು. ಪೇಟೆಯಲ್ಲಿ ಸಾಮಾನ್ಯವಾಗಿ ಕಟ್ಟು ಹಾಕುವವರು ಫೋಟೊವನ್ನು ಗಾಜಿಗೆ ಒತ್ತಿ ಹಿಂದಿನಿಂದ ರಟ್ಟು ಬಡಿದು ಕೊಡುತ್ತಾರೆ. ಮಳೆಗಾಲದಲ್ಲಿ ಜೆಲಟಿನ್ ತೇವ ಹೀರಿ ಉಬ್ಬಿ ಮೆತ್ತಗಾಗುತ್ತದೆ, ಗಾಜಿಗೆ ಅಂಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಅಲ್ಲೇ ಒಣಗಿ ಬಿಗಿಯುತ್ತದೆ. ಎರಡು ಮೂರು ಮಳೆಗಾಲ ಕಳೆದ ಮೇಲೆ ಗಾಜು ಬಿಡಿಸಲು ಹೋದರೆ ಚಿತ್ರ ಗಾಜಿನ ಮೇಲೆ, ಬರಿಯ ಕಾಗದ ಕೈಯಲ್ಲಿ. ಕೊಡಗಿನ ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲಿನ ಹಳೆಯ ಫೋಟೊಗಳಲ್ಲಿ ನುಣುಪಾದ, ಒದ್ದೆಯಂತೆ ಹೊಳೆಯುವ ತೇಪೆಗಳು ಕಾಣುತ್ತವೆ. ಅವು ಗಾಜಿಗೆ ಅಂಟಿದ ಜಾಗಗಳು. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಬಿಡಿಸಲು ಹೋಗಬೇಡಿ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ. ಬೂಷ್ಟು ಹಿಡಿದ ಫೋಟೊವನ್ನು ಒದ್ದೆ ಬಟ್ಟೆಯಿಂದ ಒರೆಸುವುದೂ ಬೇಡ. ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗುವಂತಾಗಿರುತ್ತದೆ, ಒರೆಸಿದರೆ ಮುಖವೇ ಬಟ್ಟೆಗೆ ಬರುತ್ತದೆ.

ಹಾಗಾಗಿ ಗೋಡೆಗೆ ಹೋಗುವುದು ಯಾವುದಾದರೂ ಪ್ರತಿಯೇ. ಅದು ಯಾವ ಬಗೆಯ ಪ್ರತಿ ಎಂಬುದಷ್ಟೇ ನಮ್ಮಿಬ್ಬರ ನಡುವೆ ಉಳಿದ ಪ್ರಶ್ನೆ.

ಕೆಲಸವನ್ನು ನಾನೇ ಹೊಸದಾಗಿ ಶುರು ಮಾಡಿದೆ. ಫೋಟೊ ಅಂಟುಪುಟದ ಆಲ್ಬಂನಲ್ಲಿತ್ತು, ಅಂಟು ಹಳದಿಯಾಗಿ ಬಿಗಿದಿತ್ತು. ಕೈಯಿಂದ ಎತ್ತಿದರೆ ಕಾಗದ ಮಡಿಚಿಕೊಂಡು ಮೇಲ್ಪದರ ಸೀಳುತ್ತದೆ. ಹಲ್ಲಿನ ಸಂದಿಗೆ ಬಳಸುವ ತೆಳುವಾದ ದಾರವನ್ನು ಫೋಟೊದ ಕೆಳಗೆ ತೂರಿಸಿ, ಗರಗಸ ಎಳೆದಂತೆ ಅತ್ತಿತ್ತ ಎಳೆಯುತ್ತ ಬಿಡಿಸಿದೆ. ಬಿಸಿಲು ಬಿದ್ದ ಒಣ ದಿನ ನೋಡಿಕೊಂಡು ಸ್ಕ್ಯಾನ್ ಮಾಡಿದೆ, ಇಂಚಿಗೆ 600 ಚುಕ್ಕೆಗಳಂತೆ. ಐದು ಇಂಚಿಗೆ 3000, ಮೂರೂವರೆಗೆ 2100 ಚುಕ್ಕೆ ಸಿಗುತ್ತವೆ. ಇಂಚಿಗೆ 300ರಂತೆ ಮುದ್ರಿಸಿದರೆ ಹತ್ತು ಇಂಚು ಅಗಲ, ಏಳು ಇಂಚು ಎತ್ತರದ ಚಿತ್ರ. ಇದಕ್ಕಿಂತ ಹೆಚ್ಚು ಚುಕ್ಕೆಗಳಲ್ಲಿ ಸ್ಕ್ಯಾನ್ ಮಾಡಿದರೆ ಇಂಥ ಪ್ರಿಂಟಿನಿಂದ ಹೊಸ ವಿವರವೇನೂ ಬರುವುದಿಲ್ಲ, ಕಾಗದದ ಗೀರುಗಳೇ ದೊಡ್ಡದಾಗುತ್ತವೆ. ಆ ಮೊದಲ ಸ್ಕ್ಯಾನನ್ನು ಟಿಫ್ ರೂಪದಲ್ಲಿ ಮುಟ್ಟದೆ ಎತ್ತಿಟ್ಟು, ಅದರ ನಕಲಿನ ಮೇಲೆ ಮಾತ್ರ ಕೆಲಸ ಮಾಡಿದೆ.

ಬಣ್ಣಕ್ಕೆ ಫ್ರಾಕನ್ನು ಬಿಟ್ಟು ಹಿಂದೆ ಕವುಚಿದ್ದ ಅಲ್ಯೂಮಿನಿಯಂ ಪಾತ್ರೆಯನ್ನು ಆಧಾರವಾಗಿ ಹಿಡಿದೆ. ಅದು ಬೂದಿ ಬಣ್ಣದ್ದೇ ಆಗಿರಬೇಕು, ಅದರಲ್ಲಿ ವಾದವಿಲ್ಲ. ಫೋಟೊದ ಬಿಳಿ ಅಂಚು ಹಳದಿಗಟ್ಟಿರುವುದರಿಂದ ಅದನ್ನು ನಂಬುವಂತಿಲ್ಲ. ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ತೆಗೆದು ನೋಡಿದಾಗ ಕೆಂಪಿನ ಪದರದಲ್ಲಿ ಕಪ್ಪು ಎಂಬುದೇ ಇರಲಿಲ್ಲ, ನನ್ನ ಎಣ್ಣೆ ಹಚ್ಚಿದ ತಲೆಗೂದಲೂ ಅಲ್ಲಿ ಮಬ್ಬು ಬೂದಿಯಾಗಿತ್ತು. ಅದನ್ನು ಎಳೆದು ಕಪ್ಪಿಗೆ ತಂದಾಗ ಪಾತ್ರೆ ಬೂದಿಯಾಯಿತು, ಹಣ್ಣು ಕೆಂಪಾಯಿತು, ಫ್ರಾಕು ತಾನಾಗಿಯೇ ಹಳದಿಯಾಯಿತು. ರೇಡಿಯೊ ಮುಸುಕಿನ ಮಡಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆ, ಹತ್ತಿರ ಹತ್ತಿರ ಅದೇ ಬಣ್ಣ. ಇದಕ್ಕೂ ಮಿತಿ ಇದೆ. ಸಯಾನ್ ಪೂರ್ತಿ ಹೋದ ಜಾಗಗಳಲ್ಲಿ ಎಳೆದು ತರಲು ಏನೂ ಉಳಿದಿರುವುದಿಲ್ಲ. ತೋಟದ ಸಿಲ್ವರ್ ಮರಗಳ ನೆರಳಿನ ಭಾಗವನ್ನು ಇನ್ನೂ ಎಳೆದರೆ ಬಣ್ಣ ಬಣ್ಣದ ಮರಳಿನಂತೆ ಒಡೆಯತೊಡಗಿತು. ಅಲ್ಲಿಗೇ ನಿಲ್ಲಿಸಿದೆ. ಆ ಮೂಲೆ ಈಗಲೂ ಸ್ವಲ್ಪ ಕಂದು.

ಬೂಷ್ಟಿನ ಕಲೆಗಳನ್ನು ಒಂದೊಂದಾಗಿ ಮುಚ್ಚಿದೆ. ಅಡ್ಡ ಬೆಳಕಿನಲ್ಲಿ ಬೂಷ್ಟೆಂದು ಖಚಿತವಾದವನ್ನು ಮಾತ್ರ. ಕೆನ್ನೆಯನ್ನೂ ಬೆರಳನ್ನೂ ಮುಟ್ಟಲಿಲ್ಲ. ಕೆಂಪು ಹೋದ ಮೇಲೆ ಆ ನೇರಳೆ ಇನ್ನೂ ತಿಳಿಯಾಗಿ, ನೀಲಿಯ ಕಡೆಗೆ ಬಂದು, ನಾವು ಚಿಕ್ಕಂದಿನಲ್ಲಿ ನೋಡಿದ ಔಷಧಿಯ ಬಣ್ಣವೇ ಆಯಿತು. ಅದನ್ನು ಹಿಂದಿನಂತೆ ಗುರುತು ಸಿಗದ ಕೊಳೆ ಎನ್ನುವ ಹಾಗಿಲ್ಲ, ನೋಡಿದವರಿಗೆ ಔಷಧಿ ಎಂದೇ ಗೊತ್ತಾಗುತ್ತದೆ. ಈ ಚಿತ್ರವನ್ನೂ, ಕೆನ್ನೆಯ ಕಲೆ ತೆಗೆದ ಇನ್ನೊಂದನ್ನೂ ಒಂದೇ ಅಳತೆಯಲ್ಲಿ ಮಾಡಿ ತಮ್ಮನಿಗೆ ಕಳುಹಿಸಿದೆ. ಎರಡನೆಯದರಲ್ಲಿ ಬೆರಳನ್ನೂ ಸರಿಮಾಡಿದ್ದೆ. ಅವನ ಮಾತಿಗೆ ನ್ಯಾಯ ಸಿಗಬೇಕಾದರೆ ಅವನ ಚಿತ್ರವನ್ನೂ ಚೆನ್ನಾಗಿಯೇ ಮಾಡಬೇಕಿತ್ತು.

ದೀಪಾವಳಿಗೆ ಅವನು ಹೆಂಡತಿ, ಮಗಳ ಜೊತೆ ಊರಿಗೆ ಬಂದ. ಎರಡೂ ಪ್ರಿಂಟುಗಳನ್ನು ಅಮ್ಮನ ಮುಂದಿಟ್ಟೆವು. ಯಾವುದು ಬೇಕೆಂದು ಕೇಳಲಿಲ್ಲ, ನೋಡಿ ಎಂದಷ್ಟೇ ಹೇಳಿದೆವು. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಆ ಔಷಧಿ ನಿನ್ನ ಅಂಗಿಯಿಂದ ಎಷ್ಟು ಉಜ್ಜಿದರೂ ಹೋಗಲಿಲ್ಲ ಮಾರಾಯ" ಎಂದರು ಅವನಿಗೆ. ಯಾರ ಪರವೂ ಅಲ್ಲದ ಮಾತು. ಅವನ ಮಗಳು ಮಾತ್ರ ಕಲೆ ಇರುವ ಚಿತ್ರವನ್ನು ಕೈಗೆ ತೆಗೆದುಕೊಂಡು "ಅತ್ತೆ, ನಿಮ್ಮ ಬೆರಳಲ್ಲೂ ಇದೆಯಲ್ಲ" ಎಂದಳು. ನಾವು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಏನು ಎತ್ತ ಎಂದು ಕೇಳಿದಳು. ತಮ್ಮನೇ ಕಜ್ಜಿಯ ಕಥೆ ಹೇಳಿದ, ಅಪ್ಪನನ್ನು ಕಚ್ಚಿದ್ದನ್ನೂ ಹೇಳಿದ. ಹೆಸರಿಟ್ಟ ಹುಡುಗರ ಕಥೆ ಹೇಳಲಿಲ್ಲ.

ಅದಾದ ಮೇಲೆ ಅವನು ತನ್ನ ಅಭಿಪ್ರಾಯ ಬದಲಿಸಿದ ಎಂದು ಬರೆಯಲು ಬರುವುದಿಲ್ಲ, ಬದಲಿಸಿಲ್ಲ. "ಅಮ್ಮನ ಗೋಡೆ, ನೀನು ಮಾಡಿದ ಕೆಲಸ. ಕಲೆ ಇರುವುದನ್ನೇ ಹಾಕು. ನನಗೆ ಸರಿ ಕಾಣುವುದಿಲ್ಲ ಎನ್ನುವುದೂ ಅದರ ಜೊತೆಗಿರಲಿ" ಎಂದ. ನನಗೂ ಅವನು ಹೇಳಿದ್ದು ತಪ್ಪೆಂದು ಅನ್ನಿಸಿಲ್ಲ. ತನ್ನ ಮುಖ ಹೇಗೆ ಕಾಣಬೇಕು ಎಂದು ಹೇಳುವ ಹಕ್ಕು ಅವನಿಗಿದೆ, ನನ್ನ ಮೈಬಣ್ಣದ ವಿಷಯದಲ್ಲಿ ನನಗಿದ್ದಂತೆಯೇ. ವ್ಯತ್ಯಾಸ ಒಂದೇ: ನಾನು ಇದ್ದದ್ದನ್ನು ಇರಲಿ ಎಂದೆ, ಅವನು ಇದ್ದದ್ದು ಬೇಡ ಎಂದ. ಮೊದಲನೆಯದಕ್ಕೆ ಫೋಟೊ ಸಾಕ್ಷಿ ಹೇಳುತ್ತದೆ, ಎರಡನೆಯದಕ್ಕೆ ಫೋಟೊವನ್ನು ಸುಮ್ಮನಾಗಿಸಬೇಕಾಗುತ್ತದೆ. ಅದಕ್ಕೇ ನನ್ನ ಮನಸ್ಸು ಈ ಕಡೆಗೇ ನಿಂತಿದೆ.

ಮಡಿಕೇರಿಯಲ್ಲಿ ಕಟ್ಟು ಹಾಕಿಸಿದೆವು. ಚಿತ್ರದ ಸುತ್ತ ದಪ್ಪ ರಟ್ಟಿನ ಎರಡೆರಡು ಇಂಚು ಅಗಲದ ಅಂಚು ಬಿಡಿಸಿದ್ದರಿಂದ ಒಟ್ಟು ಹದಿನಾಲ್ಕು ಇಂಚು ಅಗಲ, ಹನ್ನೊಂದು ಇಂಚು ಎತ್ತರ ಬಂತು. ಆ ಅಂಚು ಅಂದಕ್ಕಿಂತ ಹೆಚ್ಚಾಗಿ ಗಾಜು ಚಿತ್ರಕ್ಕೆ ತಾಗದಿರಲಿ ಎಂದು. ರಟ್ಟು ಆಮ್ಲರಹಿತವಾದದ್ದೇ ಬೇಕೆಂದು ಹಟ ಹಿಡಿದು ಹೇಳಿ ತರಿಸಿದೆ, ಸಾಮಾನ್ಯ ರಟ್ಟು ಕೆಲವು ವರ್ಷಗಳಲ್ಲಿ ಕಂದಾಗಿ ಆ ಕಂದನ್ನು ಚಿತ್ರಕ್ಕೂ ದಾಟಿಸುತ್ತದೆ. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗಳಿಗೆ ರಬ್ಬರಿನ ಗುಂಡಿ ಅಂಟಿಸಿದ್ದೇವೆ, ಗೋಡೆಗೂ ಅದಕ್ಕೂ ನಡುವೆ ಗಾಳಿ ಆಡಬೇಕು. ಅಮ್ಮ ಮೊದಲು ತೋರಿಸಿದ್ದ ಪಡುವಣ ಗೋಡೆಗೆ ಹಾಕಲಿಲ್ಲ. ಮುಂಗಾರಿನ ಇರಚಲು ನೇರವಾಗಿ ಅದರ ಹೊರಮೈಗೆ ಬಡಿಯುತ್ತದೆ, ಆಗಸ್ಟ್‌ನಲ್ಲಿ ಒಳಗಡೆ ಕೈಯಿಟ್ಟರೂ ತಣ್ಣಗೆ ತೇವ. ಹಜಾರಕ್ಕೂ ಮಲಗುವ ಕೋಣೆಗೂ ನಡುವಿನ ಒಳಗೋಡೆಗೆ ಹಾಕಿದೆವು. ಮೂಲ ಪ್ರಿಂಟನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಹರಳಿನ ಜೊತೆ ನಾನು ಮೈಸೂರಿಗೆ ತಂದಿದ್ದೇನೆ. ಕಲೆಯಿಲ್ಲದ ಪ್ರಿಂಟನ್ನು ಅವನು ಬೆಂಗಳೂರಿಗೆ ಒಯ್ದಿದ್ದಾನೆ, ಅದಕ್ಕೆ ಇನ್ನೂ ಕಟ್ಟು ಹಾಕಿಸಿಲ್ಲವಂತೆ.

ಹಿಂಬದಿಯ ರಟ್ಟು ಮುಚ್ಚುವ ಮೊದಲು ಅದರ ಮೇಲೆ ಪೆನ್ಸಿಲಿನಲ್ಲಿ ಬರೆದೆ, ಇಂಕು ಹರಡುತ್ತದೆ ಎಂದು. ಕಣ, ಜನವರಿ 1984, ತೆಗೆದವರು ಚಿಕ್ಕಪ್ಪ. ಮೂಲ ಪ್ರಿಂಟಿನಿಂದ ಮಾಡಿದ ಪ್ರತಿ. ಸರಿಪಡಿಸಿದ್ದು: ಮಾಸಿದ ಬಣ್ಣ, ಬೂಷ್ಟಿನ ಕಲೆ. ಮುಟ್ಟದೆ ಬಿಟ್ಟದ್ದು: ಕೆನ್ನೆ ಮತ್ತು ಬೆರಳಿನ ಮೇಲಿನ ಜೆನ್ಷಿಯನ್ ವಯಲೆಟ್. ಬರೆದು ಮುಗಿಸಿದ ಮೇಲೆ ತಮ್ಮ ಪೆನ್ಸಿಲ್ ಕೇಳಿ ಪಡೆದ. ಅದರ ಕೆಳಗೆ ತನ್ನ ಕೈಯಕ್ಷರದಲ್ಲಿ, "ಇದನ್ನು ತೆಗೆಯಬೇಕಿತ್ತು ಎಂದು ಫೋಟೊದಲ್ಲಿರುವ ಹುಡುಗನ ಅಭಿಪ್ರಾಯ" ಎಂದು ಬರೆದು ಸಹಿ ಹಾಕಿದ.